ಒಂದೇ ದಿನಕ್ಕೆ ಎರಡು ಕೊನೆಯ ಸಂಬಳ: ಆರ್ಥಿಕ ಇಲಾಖೆಗೆ ನಿವೃತ್ತ ನೌಕರರ ಬಹಿರಂಗ ಪತ್ರ

ಇವರಿಗೆ,
ಅಪರ ಮುಖ್ಯ ಕಾರ್ಯದರ್ಶಿಯವರು,
ಆರ್ಥಿಕ ಇಲಾಖೆ, ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: 1-7-2022ರಿಂದ 31-7-2024ರವರೆಗೆ ನಿವೃತ್ತರಾದವರಿಗೆ 7ನೇ ವೇತನ ಆಯೋಗದ ವೇತನದ ಮೇಲೆ ನಿವೃತ್ತಿ ಉಪದಾನ, ಗಳಿಕೆ ರಜೆ ನಗದೀಕರಣ ಮತ್ತು ಕಮ್ಯುಟೇಷನ್‌ನ ವ್ಯತ್ಯಾಸದ ಹಣ ಕೊಡುವ ಬಗ್ಗೆ.

ಮಾನ್ಯರೇ,

ನಮ್ಮದು ತಾಲ್ಲೂಕು ಮಟ್ಟದ ಒಂದು ನಿವೃತ್ತ ನೌಕರರ ಸಂಘ. ಮೇಷ್ಟ್ರುಗಳು, ಆರೋಗ್ಯ ಸಹಾಯಕಿಯರು, ಗ್ರಾಮ ಲೆಕ್ಕಿಗರು, ಡ್ರೈವರುಗಳು, ಕಚೇರಿ ಗುಮಾಸ್ತರು ಎಲ್ಲರೂ ಇದ್ದೇವೆ. ಈ ಪತ್ರ ಬರೆಯುತ್ತಿರುವ ನಾನು ಸೇವೆಯಲ್ಲಿದ್ದಾಗ ಬಹಳ ವರ್ಷ ಪಿಂಚಣಿ ಕಡತಗಳ ವಿಷಯ ನಿರ್ವಾಹಕನಾಗಿದ್ದವನು. ಬೇರೆಯವರ ಕಡತ ಕಟ್ಟಿ ಮಹಾಲೇಖಪಾಲರ ಕಚೇರಿಗೆ ಕಳಿಸುವುದೇ ನನ್ನ ಕೆಲಸವಾಗಿತ್ತು. ಹಾಗಾಗಿ ಇಲ್ಲಿ ಹೇಳುವ ಲೆಕ್ಕವನ್ನು ತಮ್ಮ ಇಲಾಖೆಯ ನಿಯಮದ ದಾರಿಯಲ್ಲೇ ಹೇಳುತ್ತೇನೆ.

ಮನವಿಗಳನ್ನು ಸಂಘದಿಂದ ಹಲವು ಸಲ ಕಳಿಸಿದ್ದೇವೆ. ಸ್ವೀಕೃತಿ ಬಂದಿದೆ, ಉತ್ತರ ಬಂದಿಲ್ಲ. ಅದಕ್ಕೇ ಈಗ ಬಹಿರಂಗವಾಗಿ ಬರೆಯುತ್ತಿದ್ದೇವೆ. ಸೇವೆಯಲ್ಲಿರುವ ನೌಕರರಿಗೂ, ಜನರಿಗೂ ನಮ್ಮ ಕೇಳಿಕೆ ಏನೆಂದು ಸರಿಯಾಗಿ ಗೊತ್ತಾಗಲಿ ಎಂಬುದೂ ಒಂದು ಕಾರಣ. "ಪಿಂಚಣಿ ಬರ್ತಿದೆಯಲ್ಲ, ಇನ್ನೇನು ಬೇಕು ಇವರಿಗೆ" ಎನ್ನುವವರು ನಮ್ಮ ಮನೆಗಳಲ್ಲೇ ಇದ್ದಾರೆ.

ಮೊದಲು ನಡೆದದ್ದನ್ನು ಹೇಳುತ್ತೇನೆ. ರಾಜ್ಯದ 6ನೇ ವೇತನ ಆಯೋಗದ ಶ್ರೇಣಿಗಳು 1-7-2017ರಿಂದ ಲೆಕ್ಕಕ್ಕೆ ಬಂದವು. ಐದು ವರ್ಷಕ್ಕೊಮ್ಮೆ ಪರಿಷ್ಕರಣೆ ಎಂದರೆ ಮುಂದಿನದು 1-7-2022ಕ್ಕೆ ಆಗಬೇಕಿತ್ತು. ಆದರೆ ಕೆ. ಸುಧಾಕರ ರಾವ್ ಅವರ ಅಧ್ಯಕ್ಷತೆಯ 7ನೇ ಆಯೋಗ ರಚನೆಯಾದದ್ದೇ ನವೆಂಬರ್ 2022ರಲ್ಲಿ. ಆಯೋಗದ ಅವಧಿ ವಿಸ್ತರಣೆಯಾಯಿತು. ನಡುವೆ ವಿಧಾನಸಭೆ ಚುನಾವಣೆ ಬಂತು. ವರದಿ ಸರ್ಕಾರದ ಕೈಸೇರಿದ್ದು 16-3-2024ರಂದು. ಆಮೇಲೆ ಲೋಕಸಭೆ ಚುನಾವಣೆ ಬಂತು. ಕೊನೆಗೆ ಜುಲೈ 2024ರಲ್ಲಿ ಸಚಿವ ಸಂಪುಟ ಒಪ್ಪಿತು. ಹೊಸ ವೇತನವನ್ನು 1-7-2022ರಿಂದ ಕಾಲ್ಪನಿಕವಾಗಿ ನಿಗದಿ ಮಾಡುವುದು, ಹಣ ಮಾತ್ರ 1-8-2024ರಿಂದ ಕೊಡುವುದು ಎಂದು ಆದೇಶವಾಯಿತು.

ಈ ಎರಡು ತಾರೀಖುಗಳ ನಡುವೆ 25 ತಿಂಗಳಿವೆ. ನಾವು ನಿವೃತ್ತರಾದದ್ದು ಆ 25 ತಿಂಗಳಲ್ಲಿ.

6ನೇ ಆಯೋಗದ ಹೊತ್ತಿನಲ್ಲೂ ಹೀಗೇ ಆಗಿತ್ತು. ಆಗ 1-7-2017ರಿಂದ ಕಾಲ್ಪನಿಕ, 1-4-2018ರಿಂದ ಹಣ ಎಂದಾಗಿತ್ತು. ಆ ಅಂತರ 9 ತಿಂಗಳು. ಆಗ ಸಿಕ್ಕಿಹಾಕಿಕೊಂಡವರೂ ನೊಂದುಕೊಂಡರು, ಆದರೆ ಸಂಖ್ಯೆ ಕಡಿಮೆ, ದನಿ ಏಳಲಿಲ್ಲ. ಈ ಸಲ ಅಂತರ ಎರಡು ವರ್ಷ ದಾಟಿದೆ. ಆಯೋಗ ತಡವಾಗಿ ರಚನೆಯಾದದ್ದಕ್ಕಾಗಲಿ, ವರದಿ ತಡವಾದದ್ದಕ್ಕಾಗಲಿ ನಾವು ಕಾರಣರಲ್ಲ. ನಾವು ಮಾಡಿದ್ದು ಇಷ್ಟೇ, ಆ ಅವಧಿಯಲ್ಲಿ ನಮಗೆ 60 ತುಂಬಿತು.

ಈಗ ಲೆಕ್ಕಕ್ಕೆ ಬರುತ್ತೇನೆ. 31-12-2022ರಂದು ನಿವೃತ್ತರಾದ ಒಬ್ಬರನ್ನು ತೆಗೆದುಕೊಳ್ಳೋಣ. 33 ವರ್ಷದ ಸೇವೆ. ಹಳೆಯ ಶ್ರೇಣಿಯಲ್ಲಿ ಮೂಲ ವೇತನ 60,000 ರೂಪಾಯಿ ಎಂದಿಟ್ಟುಕೊಳ್ಳಿ. ಎಲ್ಲರಿಗೂ ಸುಲಭವಾಗಿ ಅರ್ಥವಾಗಲಿ ಎಂದು ದುಂಡಾದ ಅಂಕಿ ಇಟ್ಟಿದ್ದೇನೆ.

7ನೇ ಆಯೋಗದ ಪ್ರಕಾರ 1-7-2022ರ ಮೂಲ ವೇತನಕ್ಕೆ ಅಂದಿನ ಶೇಕಡಾ 31 ತುಟ್ಟಿಭತ್ಯೆಯನ್ನು ವಿಲೀನ ಮಾಡಬೇಕು. ಅದು 18,600. ಶೇಕಡಾ 27.5 ಫಿಟ್‌ಮೆಂಟ್ ಸೇರಿಸಬೇಕು. ಅದು 16,500. ಒಟ್ಟು 95,100. ಹೊಸ ಶ್ರೇಣಿಯ ಹಂತಕ್ಕೆ ಹೊಂದಿಸುವಾಗ ಕೆಲವು ನೂರು ರೂಪಾಯಿ ಹೆಚ್ಚಾಗಬಹುದು, ಅದನ್ನು ಬಿಟ್ಟುಬಿಡೋಣ.

ಇವರ ಪಿಂಚಣಿಯನ್ನು ಸರ್ಕಾರ ಯಾವ ವೇತನದ ಮೇಲೆ ಪರಿಷ್ಕರಿಸಿತು? 95,100ರ ಮೇಲೆ. ಅರ್ಧ ಎಂದರೆ 47,550. ಹಣ 1-8-2024ರಿಂದ ಕೊಡುತ್ತದೆ, ಆದರೆ ಲೆಕ್ಕಕ್ಕೆ ಹಿಡಿಯುವ ಕೊನೆಯ ವೇತನ ಹೊಸದೇ. ಇದು ಸರಿಯಾಗಿದೆ, ಇದಕ್ಕೆ ನಾವು ಕೃತಜ್ಞರು.

ಅದೇ ಮನುಷ್ಯನಿಗೆ ನಿವೃತ್ತಿ ಉಪದಾನವನ್ನು, ಅಂದರೆ ಎಲ್ಲರೂ ಡಿ.ಸಿ.ಆರ್.ಜಿ. ಎನ್ನುವ ಹಣವನ್ನು, ಯಾವ ವೇತನದ ಮೇಲೆ ಕೊಟ್ಟಿತು? 60,000ದ ಮೇಲೆ.

ಪ್ರತಿ ಪೂರ್ಣ ಆರು ತಿಂಗಳ ಸೇವೆಗೆ ಮೂಲ ವೇತನದ ಕಾಲು ಭಾಗ, ಹೆಚ್ಚೆಂದರೆ ಹದಿನಾರೂವರೆ ತಿಂಗಳ ವೇತನ, ಇದು ಉಪದಾನದ ಸೂತ್ರ. 33 ವರ್ಷ ಸೇವೆಯವರಿಗೆ ಪೂರ್ತಿ ಹದಿನಾರೂವರೆ ತಿಂಗಳದ್ದು ಸಿಗುತ್ತದೆ. ಹಳೆಯ ವೇತನದಲ್ಲಿ 9,90,000. ಹೊಸ ವೇತನದಲ್ಲಿ 15,69,150. ವ್ಯತ್ಯಾಸ 5,79,150 ರೂಪಾಯಿ.

ಗಳಿಕೆ ರಜೆಯದ್ದೂ ಇದೇ ಕತೆ. ಖಾತೆಯಲ್ಲಿ ಪೂರ್ತಿ 300 ದಿನ ರಜೆ ಉಳಿದಿದ್ದರೆ ಹತ್ತು ತಿಂಗಳ ವೇತನ ಮತ್ತು ತುಟ್ಟಿಭತ್ಯೆ ಸಿಗುತ್ತದೆ. ಹಳೆಯದರಲ್ಲಿ ಮೂಲ ವೇತನ 60,000, ತುಟ್ಟಿಭತ್ಯೆ 18,600, ಹತ್ತು ತಿಂಗಳಿಗೆ 7,86,000. ಹೊಸದರಲ್ಲಿ ಆ ತುಟ್ಟಿಭತ್ಯೆ ವಿಲೀನವಾಗಿ ಹೋಗಿರುವುದರಿಂದ ಬರೀ 95,100ರ ಹತ್ತರಷ್ಟು, 9,51,000. ವ್ಯತ್ಯಾಸ 1,65,000.

ಎರಡೂ ಸೇರಿ 7,44,150 ರೂಪಾಯಿ. 33 ವರ್ಷ ದುಡಿದ ಒಬ್ಬ ನೌಕರನ ಕೈಗೆ ಬರಬೇಕಾಗಿದ್ದು, ಬರಲಿಲ್ಲ.

ಕಮ್ಯುಟೇಷನ್‌ನ ವಿಚಾರ ಸ್ವಲ್ಪ ಬೇರೆ. ಅದನ್ನು ನಾನು ಬೇಕೆಂದೇ ಈ ಮೊತ್ತಕ್ಕೆ ಸೇರಿಸಿಲ್ಲ. ಪಿಂಚಣಿಯ ಮೂರನೇ ಒಂದು ಭಾಗವನ್ನು ಬಿಟ್ಟುಕೊಟ್ಟು ಇಡಿಗಂಟು ಪಡೆಯುತ್ತೇವೆ. ಆ ಭಾಗವನ್ನು ಸರ್ಕಾರ 15 ವರ್ಷ ತಿಂಗಳು ತಿಂಗಳು ಕಡಿತ ಮಾಡಿ ಆಮೇಲೆ ಮರುಸ್ಥಾಪಿಸುತ್ತದೆ. ಅಂದರೆ ಇದು ಸುಮ್ನೆ ಕೊಡುವ ಹಣವಲ್ಲ, ನಮ್ಮದೇ ಪಿಂಚಣಿಯ ಮುಂಗಡ. ಮೇಲಿನ ಉದಾಹರಣೆಯಲ್ಲಿ ಅವರು ಬಿಟ್ಟುಕೊಟ್ಟದ್ದು 30,000ದ ಮೂರನೇ ಒಂದು ಭಾಗ, 10,000. ಹೊಸ ಪಿಂಚಣಿಯಲ್ಲಾದರೆ 15,850ರವರೆಗೆ ಬಿಟ್ಟುಕೊಡಬಹುದಿತ್ತು. ಉಳಿದ 5,850ಕ್ಕೆ ವಯಸ್ಸಿನ ಗುಣಕದಂತೆ ಬರಬೇಕಾದ ಇಡಿಗಂಟು ಅವರಿಗೆ ಸಿಕ್ಕಿಲ್ಲ. ಇದನ್ನು ಬೇಕಾದವರಿಗೆ ಆಯ್ಕೆಯಾಗಿ ಕೊಡಿ ಎಂಬುದಷ್ಟೇ ನಮ್ಮ ಕೇಳಿಕೆ. ಬೇಡ ಎನ್ನುವವರೂ ನಮ್ಮಲ್ಲಿದ್ದಾರೆ. ಇಷ್ಟು ತಡವಾದ ಮೇಲೆ ಹೊಸದಾಗಿ 15 ವರ್ಷದ ಕಡಿತ ಯಾಕೆ ಎನ್ನುವುದು ಅವರ ಮಾತು. ಅದೂ ಸರಿಯೇ.

ಮಾನ್ಯರೇ, ನಮ್ಮ ಇಡೀ ವಾದ ಇರುವುದು ಇಲ್ಲಿ. 31-12-2022ರ ಸಂಜೆ ಒಬ್ಬ ನೌಕರ ಕಚೇರಿಯಿಂದ ಹೊರಗೆ ಬಂದ. ಆ ದಿನ ಅವನ ಕೊನೆಯ ವೇತನ ಎಷ್ಟು? ಪಿಂಚಣಿ ಆದೇಶವನ್ನು ಕೇಳಿದರೆ 95,100 ಎನ್ನುತ್ತದೆ. ಉಪದಾನದ ಆದೇಶವನ್ನು ಕೇಳಿದರೆ 60,000 ಎನ್ನುತ್ತದೆ. ಒಬ್ಬನೇ ನೌಕರ, ಒಂದೇ ಸೇವಾ ಪುಸ್ತಕ, ಒಂದೇ ದಿನ. ಕೊನೆಯ ವೇತನ ಮಾತ್ರ ಎರಡು. ಯಾವುದಾದರೂ ಒಂದೇ ಇರಬೇಕು ಅಲ್ವಾ? ಹೊಸ ವೇತನ 1-7-2022ರಿಂದಲೇ ಇತ್ತು ಎಂದು ಒಪ್ಪಿದ್ದು ಸರ್ಕಾರವೇ. ಪಿಂಚಣಿಗೆ ಒಪ್ಪಿದ್ದನ್ನು ಉಪದಾನಕ್ಕೆ ಒಪ್ಪುವುದಿಲ್ಲ ಎನ್ನಲು ನಮಗೆ ಇದುವರೆಗೆ ಯಾರೂ ಕಾರಣ ಹೇಳಿಲ್ಲ.

ನೌಕರನ ಕೈಗೆ ನಿಜವಾಗಿ ಬಂದ ವೇತನದ ಮೇಲೆಯೇ ಉಪದಾನ ಕೊಡಬೇಕು, ಆ ದಿನ ಅವನ ಕೈಗೆ ಬಂದದ್ದು ಹಳೆಯ ವೇತನ ಎಂದು ಇಲಾಖೆಯವರು ಹೇಳಬಹುದು. ಹಾಗಾದರೆ ಪಿಂಚಣಿಗೂ ಅದೇ ನಿಯಮ ಅನ್ವಯಿಸಬೇಕಿತ್ತು, ಯಾಕೆಂದರೆ ಪಿಂಚಣಿಯೂ ಕೊನೆಯ ವೇತನದ ಮೇಲೆಯೇ ನಿಂತಿದೆ. ಅಲ್ಲಿ ಸರ್ಕಾರ ಉದಾರವಾಗಿ, ನ್ಯಾಯವಾಗಿ ನಡೆದುಕೊಂಡಿತು. ಇಲ್ಲಿಗೆ ಬಂದಾಗ ನಿಂತುಬಿಟ್ಟಿತು.

ಇನ್ನೊಂದು ಮಾತೂ ಕೇಳಿಬರುತ್ತದೆ. ಸೇವೆಯಲ್ಲಿರುವವರಿಗೂ 25 ತಿಂಗಳ ವ್ಯತ್ಯಾಸದ ಸಂಬಳ ಕೊಟ್ಟಿಲ್ಲ, ಎಲ್ಲರೂ ಬಿಟ್ಟುಕೊಟ್ಟಿದ್ದಾರೆ, ನೀವೂ ಬಿಟ್ಟುಕೊಡಿ ಎನ್ನುತ್ತಾರೆ. ನಾವು ಬಿಟ್ಟುಕೊಟ್ಟಿದ್ದೇವೆ. ನಿವೃತ್ತಿಯವರೆಗಿನ ವ್ಯತ್ಯಾಸದ ಸಂಬಳವನ್ನು ನಾವು ಕೇಳುತ್ತಿಲ್ಲ. ನಿವೃತ್ತಿಯಿಂದ ಜುಲೈ 2024ರವರೆಗಿನ ಪಿಂಚಣಿಯ ವ್ಯತ್ಯಾಸವನ್ನೂ ಕೇಳುತ್ತಿಲ್ಲ. ರಾಜ್ಯದ ಬೊಕ್ಕಸಕ್ಕೆ ಎಲ್ಲರಂತೆ ನಾವೂ ಅದನ್ನು ಬಿಟ್ಟಿದ್ದೇವೆ. ಆದರೆ ಸೇವೆಯಲ್ಲಿರುವ ನೌಕರ ಮುಂದೆ ನಿವೃತ್ತನಾಗುವಾಗ ಅವನ ಉಪದಾನ, ರಜೆ ಹಣ ಎಲ್ಲವೂ ಹೊಸ ವೇತನದ ಮೇಲೇ ಬರುತ್ತದೆ. ಅವನು ಕಳೆದುಕೊಂಡದ್ದು 25 ತಿಂಗಳ ವ್ಯತ್ಯಾಸ. ನಾವು ಕಳೆದುಕೊಂಡದ್ದು ಇಡೀ ಸೇವೆಗೆ ಒಂದೇ ಸಲ ಕೊಡುವ ಹಣ. ಅದು ಮುಂದಿನ ತಿಂಗಳು, ಮುಂದಿನ ಆಯೋಗ ಎಂದು ಸರಿಹೋಗುವುದಲ್ಲ.

ತಾರೀಖಿನ ಅನ್ಯಾಯ ಎಷ್ಟು ಸೂಕ್ಷ್ಮವಾಗಿದೆ ನೋಡಿ. 60 ತುಂಬುವ ತಿಂಗಳ ಕೊನೆಯ ದಿನ ನಿವೃತ್ತಿ. ಆದರೆ ಹುಟ್ಟಿದ್ದು ತಿಂಗಳ 1ನೇ ತಾರೀಖಾದರೆ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ. ಹಾಗಾಗಿ 1-8-1964ರಂದು ಹುಟ್ಟಿದವರು 31-7-2024ಕ್ಕೆ ನಿವೃತ್ತರು. 2-8-1964ರಂದು ಹುಟ್ಟಿದವರು 31-8-2024ಕ್ಕೆ ನಿವೃತ್ತರು. ಹುಟ್ಟಿನಲ್ಲಿ ಒಂದು ದಿನದ ವ್ಯತ್ಯಾಸ. ಮೊದಲನೆಯವರಿಗೆ ಹಳೆಯ ವೇತನದ ಉಪದಾನ, ಎರಡನೆಯವರಿಗೆ ಹೊಸ ವೇತನದ ಉಪದಾನ.

ಇದು ಕಾಗದದ ಮೇಲಿನ ಉದಾಹರಣೆ ಎಂದುಕೊಳ್ಳಬೇಡಿ. ನಮ್ಮ ತಲೆಮಾರಿನವರ ಜನ್ಮದಿನಾಂಕ ಹೇಗೆ ಬರೆಸಲ್ಪಟ್ಟಿತು ಎಂಬುದು ತಮಗೂ ಗೊತ್ತು. ಹಳ್ಳಿಯಲ್ಲಿ ಜನನ ದಾಖಲೆ ಇರಲಿಲ್ಲ. ಶಾಲೆಗೆ ಸೇರಿಸಲು ಹೋದಾಗ ಹೆಡ್‌ಮಾಸ್ಟರು ಮಗುವನ್ನು ನೋಡಿ, ಅಂದಾಜಿಗೆ ಒಂದು ವರ್ಷ ಹಿಡಿದು, ಜೂನ್ 1 ಎಂದು ಬರೆದುಬಿಡುತ್ತಿದ್ದರು. ಅದಕ್ಕೇ ಪ್ರತಿ ವರ್ಷ ಮೇ 31ಕ್ಕೆ ಇಷ್ಟೊಂದು ಮೇಷ್ಟ್ರುಗಳು ಒಟ್ಟಿಗೆ ನಿವೃತ್ತರಾಗುವುದು. ಈ 25 ತಿಂಗಳಲ್ಲಿ ಅಂಥ ಎರಡು ಮೇ 31 ಬಂದು ಹೋದವು, 2023ರದ್ದು ಮತ್ತು 2024ರದ್ದು. 2024ರ ಮೇ ತಿಂಗಳಲ್ಲಿ ಹೋದವರು ಇನ್ನು ಎರಡೇ ತಿಂಗಳು ಹೆಚ್ಚು ಸೇವೆಯಲ್ಲಿದ್ದು ಆಗಸ್ಟ್ ನೋಡಿದ್ದರೆ ಪೂರ್ತಿ ಹಣ ಸಿಗುತ್ತಿತ್ತು. ಐವತ್ತು ವರ್ಷದ ಹಿಂದೆ ಯಾರೋ ಅಂದಾಜಿಗೆ ಬರೆದ ಒಂದು ತಾರೀಖು ಇವತ್ತು ಅವರ ಲಕ್ಷಾಂತರ ರೂಪಾಯಿಯನ್ನು ತೀರ್ಮಾನಿಸಿದೆ.

ಎಲ್ಲರಿಗಿಂತ ಜಾಸ್ತಿ ನೊಂದವರು ಹೊಸ ಪಿಂಚಣಿ ಯೋಜನೆಯವರು. 1-4-2006ರ ನಂತರ ಸೇರಿ, ಹದಿನಾರು ಹದಿನೇಳು ವರ್ಷ ಕೆಲಸ ಮಾಡಿ ಈ ಅವಧಿಯಲ್ಲಿ ನಿವೃತ್ತರಾದವರು. ಇವರಿಗೆ ಸರ್ಕಾರದ ಪಿಂಚಣಿ ಇಲ್ಲ, ಆದ್ದರಿಂದ ಪಿಂಚಣಿ ಪರಿಷ್ಕರಣೆಯೂ ಇಲ್ಲ. ನಮಗೆ ಕನಿಷ್ಠ ತಿಂಗಳ ಪಿಂಚಣಿ ಹೆಚ್ಚಿತು. ಇವರಿಗೆ 7ನೇ ಆಯೋಗ ಕಾಲ್ಪನಿಕವಾಗಿ ಬಂತು, ಕಾಲ್ಪನಿಕವಾಗಿಯೇ ಹೋಯಿತು. ಉಪದಾನ ಮತ್ತು ರಜೆ ಹಣದ ವ್ಯತ್ಯಾಸವನ್ನೂ ಕೊಡದಿದ್ದರೆ ಅವರ ಸೇವಾ ಪುಸ್ತಕದಲ್ಲಿ ಬರೆದ ಹೊಸ ವೇತನದಿಂದ ಅವರ ಮನೆಗೆ ಬಂದದ್ದೇನು?

ಪರಿಷ್ಕೃತ ಪಿಂಚಣಿಯಾದರೂ ಎಲ್ಲರಿಗೂ ಸಲೀಸಾಗಿ ಬಂತೇ ಎಂದರೆ ಅದೂ ಇಲ್ಲ. ಇದನ್ನು ತಮ್ಮ ಗಮನಕ್ಕೆ ತರಲೇಬೇಕು. ಈ ಅವಧಿಯಲ್ಲಿ ನಿವೃತ್ತರಾದವರ ಪಿಂಚಣಿ ತಾನಾಗಿಯೇ ಏರುವುದಿಲ್ಲ. ಕೊನೆಯ ಕಚೇರಿಯವರು ಸೇವಾ ಪುಸ್ತಕ ತೆಗೆದು, 1-7-2022ಕ್ಕೆ ವೇತನ ನಿಗದಿ ಮಾಡಿ, ಆಮೇಲಿನ ವಾರ್ಷಿಕ ಬಡ್ತಿ ಇದ್ದರೆ ಸೇರಿಸಿ, ವೇತನ ನಿಗದಿ ತಃಖ್ತೆಯನ್ನು ಮಹಾಲೇಖಪಾಲರ ಕಚೇರಿಗೆ ಕಳಿಸಬೇಕು. ಅಲ್ಲಿಂದ ಪರಿಷ್ಕೃತ ಆದೇಶ ಬರಬೇಕು. ಅದು ಖಜಾನೆಗೆ ಹೋಗಿ, ಅಲ್ಲಿಂದ ಬ್ಯಾಂಕಿಗೆ ಹೋಗಿ, ಆಮೇಲೆ ಖಾತೆಗೆ ಹಣ.

ಈ ಸರಪಳಿಯ ಮೊದಲ ಕೊಂಡಿಯಲ್ಲೇ ಬಹಳಷ್ಟು ಕಡತ ನಿಂತುಬಿಡುತ್ತದೆ. ನಮ್ಮ ಸಂಘದ ಒಬ್ಬ ಅಮ್ಮ ಆರೋಗ್ಯ ಸಹಾಯಕಿಯಾಗಿದ್ದವರು. ಅವರ ಜೊತೆ ನಾನೇ ಅವರ ಹಳೆಯ ಕಚೇರಿಗೆ ಹೋಗಿದ್ದೆ. ವಿಷಯ ನಿರ್ವಾಹಕರಿಗೆ ವರ್ಗವಾಗಿತ್ತು. ಹೊಸಬರು ಇನ್ನೂ ಪ್ರಭಾರ ತೆಗೆದುಕೊಂಡಿರಲಿಲ್ಲ. ಸೇವಾ ಪುಸ್ತಕ ಕಬ್ಬಿಣದ ಬೀರುವಿನಲ್ಲಿತ್ತು, ಬೀಗದ ಕೈ ಯಾರ ಹತ್ತಿರ ಇದೆಯೆಂದು ಗೊತ್ತಿರಲಿಲ್ಲ. ಕೊನೆಗೆ ಪುಸ್ತಕ ಸಿಕ್ಕಿತು. ತೆಗೆದು ನೋಡಿದರೆ ನಡುವಿನ ಒಂದು ವರ್ಷದ ವಾರ್ಷಿಕ ಬಡ್ತಿಗೆ ಅಧಿಕಾರಿಯ ಸಹಿಯೇ ಇರಲಿಲ್ಲ. ಆ ಸಹಿ ಇಲ್ಲದೆ ಕಳಿಸಿದರೆ ಆಕ್ಷೇಪಣೆಯೊಂದಿಗೆ ಕಡತ ವಾಪಸ್ ಬರುತ್ತದೆ. ಸಹಿ ಹಾಕಬೇಕಾದ ಅಧಿಕಾರಿ ನಿವೃತ್ತರಾಗಿ ಎಷ್ಟೋ ಕಾಲವಾಗಿದೆ. ಈಗಿನವರು "ನನ್ನ ಅವಧಿಯದ್ದಲ್ಲ, ನಾನು ಹೇಗೆ ಹಾಕಲಿ" ಎಂದರು. ಆ ಅಮ್ಮ ಮಾತಾಡಲಿಲ್ಲ. ಚೀಲದಿಂದ ಹಳೆಯ ಸಂಬಳದ ಚೀಟಿಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟರು. ತಿಂಗಳುವಾರು ಜೋಡಿಸಿ ದಾರದಲ್ಲಿ ಕಟ್ಟಿದ್ದರು. ಆ ವರ್ಷದ ಬಡ್ತಿ ಸಂಬಳದಲ್ಲಿ ಸೇರಿರುವುದು ಅದರಲ್ಲಿ ಸ್ಪಷ್ಟವಾಗಿತ್ತು. ಅದರ ಆಧಾರದ ಮೇಲೆ ದೃಢೀಕರಣ ಬರೆಯಿಸಿಕೊಂಡು ಬಂದೆವು.

ಚೀಟಿ ಜೋಪಾನ ಮಾಡಿದವರಿಗೆ ಹೀಗಾಯಿತು. ಮಾಡದವರು ಏನು ಮಾಡಬೇಕು? ನಿವೃತ್ತ ಮಿತ್ರರಿಗೂ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಬ್ಯಾಂಕಿನಿಂದ ಪಿಂಚಣಿ ಚೀಟಿ ತೆಗೆದುಕೊಂಡು ಮೂಲ ಪಿಂಚಣಿ ಎಷ್ಟಿದೆ ನೋಡಿ. ನಿವೃತ್ತಿಯಾದಾಗ ಇದ್ದ ಅಂಕಿಯೇ ಈಗಲೂ ಇದ್ದರೆ ನಿಮ್ಮ ಪರಿಷ್ಕೃತ ಆದೇಶ ಬಂದಿಲ್ಲ ಎಂದರ್ಥ. ಬರುವ ತುಟ್ಟಿಭತ್ಯೆ ನೋಡಿ ಎಲ್ಲ ಸರಿಯಾಗಿದೆ ಎಂದುಕೊಳ್ಳಬೇಡಿ. ಕಡತ ಹೊರಟಿದೆಯೋ ಇಲ್ಲವೋ ಎಂದು ಕೊನೆಯ ಕಚೇರಿಯಲ್ಲೇ ಕೇಳಬೇಕು, ಬ್ಯಾಂಕಿನಲ್ಲಿ ಅಲ್ಲ.

ಮಾನ್ಯರೇ, ಕಾನೂನಿನ ವಿಚಾರದಲ್ಲೂ ನಾವು ಕಣ್ಣು ಮುಚ್ಚಿಕೊಂಡಿಲ್ಲ. ಪಿಂಚಣಿ ಭಿಕ್ಷೆಯಲ್ಲ, ಅದು ಹಕ್ಕು ಎಂದು ಸುಪ್ರೀಂ ಕೋರ್ಟು 17-12-1982ರಂದು ನಕಾರಾ ಪ್ರಕರಣದಲ್ಲಿ ಹೇಳಿತು. ಆ ದಿನವನ್ನೇ ನಾವು ಪ್ರತಿ ವರ್ಷ ಪಿಂಚಣಿದಾರರ ದಿನವಾಗಿ ಆಚರಿಸುತ್ತೇವೆ. ಪಿಂಚಣಿ ಮತ್ತು ಉಪದಾನ ನೌಕರನ ಆಸ್ತಿ, ಕಾನೂನಿನ ಬಲವಿಲ್ಲದೆ ತಡೆಹಿಡಿಯುವಂತಿಲ್ಲ ಎಂದು 2013ರಲ್ಲಿ ಜಾರ್ಖಂಡ್ ಸರ್ಕಾರದ ಪ್ರಕರಣದಲ್ಲೂ ಹೇಳಿತು. ಆದರೆ ಉಪದಾನದ ಹೆಚ್ಚಳವನ್ನು ಯಾವ ತಾರೀಖಿನಿಂದ ಕೊಡಬೇಕು ಎಂದು ತೀರ್ಮಾನಿಸುವಾಗ ಸರ್ಕಾರ ತನ್ನ ಹಣಕಾಸಿನ ಸ್ಥಿತಿಯನ್ನು ನೋಡಬಹುದು ಎಂದು ಅದೇ ನ್ಯಾಯಾಲಯ 2005ರಲ್ಲಿ ಪಂಜಾಬ್ ಸರ್ಕಾರದ ಪ್ರಕರಣದಲ್ಲಿ ಹೇಳಿದ್ದೂ ನಮಗೆ ಗೊತ್ತು. ತಮ್ಮ ಇಲಾಖೆಯ ವಕೀಲರು ಅದನ್ನೇ ಮುಂದಿಡುತ್ತಾರೆ ಎಂಬುದೂ ಗೊತ್ತು.

ಅದಕ್ಕೇ ನಾವು ನೇರವಾಗಿ ತಮ್ಮ ಬಳಿ ಬಂದಿದ್ದೇವೆ. ಕೊಡದಿರಲು ಸರ್ಕಾರಕ್ಕೆ ಅಧಿಕಾರ ಇರಬಹುದು. ಕೊಡಲೂ ಅಷ್ಟೇ ಅಧಿಕಾರ ಇದೆ. ಕೇಂದ್ರ ಸರ್ಕಾರ ತನ್ನ 7ನೇ ವೇತನ ಆಯೋಗವನ್ನು 2016ರ ಮಧ್ಯದಲ್ಲಿ ಒಪ್ಪಿಕೊಂಡರೂ 1-1-2016ರಿಂದಲೇ ಹಣ ಕೊಟ್ಟಿತು. ನಡುವಿನ ತಿಂಗಳುಗಳಲ್ಲಿ ನಿವೃತ್ತರಾದವರ ಉಪದಾನವನ್ನು ಹೊಸ ವೇತನದ ಮೇಲೆ ಪರಿಷ್ಕರಿಸಿತು. ಅಲ್ಲಿ ತಾರೀಖು ಎರಡಾಗಲಿಲ್ಲ. ಅರವತ್ತು ದಾಟಿದವರನ್ನು ವಕೀಲರ ಫೀಸು, ವಾಯಿದೆ ಎಂದು ಅಲೆಸುವುದು ಬೇಡ.

ಹಣದ ಮುಗ್ಗಟ್ಟಿನ ಬಗ್ಗೆ ಎರಡು ಮಾತು. ಇದು ವರ್ಷವರ್ಷ ಬೆಳೆಯುವ ಹೊರೆಯಲ್ಲ. 31-7-2024ಕ್ಕೆ ಪಟ್ಟಿ ಮುಚ್ಚಿದೆ. ಇನ್ನು ಒಬ್ಬರೂ ಸೇರುವುದಿಲ್ಲ. ಒಂದು ಸಲ ಕೊಟ್ಟರೆ ಮುಗಿಯಿತು. ಪ್ರತಿಯೊಬ್ಬರ ನಿವೃತ್ತಿಯ ದಿನಾಂಕ, ಕೊನೆಯ ವೇತನ, ಉಳಿದಿದ್ದ ರಜೆ, ಸೇವೆಯ ವರ್ಷ ಎಲ್ಲವೂ ಸರ್ಕಾರದ ಎಚ್.ಆರ್.ಎಂ.ಎಸ್. ತಂತ್ರಾಂಶ ಮತ್ತು ಪಿಂಚಣಿ ಕಡತಗಳಲ್ಲೇ ಇದೆ. ಆದ್ದರಿಂದ ಒಟ್ಟು ಎಷ್ಟು ಜನ, ಒಟ್ಟು ಎಷ್ಟು ಕೋಟಿ ಎಂದು ಇಲಾಖೆ ಲೆಕ್ಕ ಹಾಕಿ ಪ್ರಕಟಿಸಬೇಕು. ಇದೇ ನಮ್ಮ ಮೊದಲ ಕೇಳಿಕೆ. ಮೊತ್ತ ತಿಳಿದರೆ ಮಾತುಕತೆಗೆ ಒಂದು ನೆಲ ಸಿಗುತ್ತದೆ. ಈಗ ಇಲಾಖೆಯವರು "ಭಾರೀ ಹೊರೆ" ಎನ್ನುತ್ತಾರೆ, ನಾವು "ಅಷ್ಟೇನಿಲ್ಲ" ಎನ್ನುತ್ತೇವೆ, ಇಬ್ಬರ ಕೈಯಲ್ಲೂ ಅಂಕಿಯಿಲ್ಲ.

ಎರಡನೆಯದು, 1-7-2022ರಿಂದ 31-7-2024ರವರೆಗೆ ನಿವೃತ್ತರಾದವರ ನಿವೃತ್ತಿ ಉಪದಾನ ಮತ್ತು ಗಳಿಕೆ ರಜೆ ನಗದೀಕರಣವನ್ನು ಪಿಂಚಣಿಗೆ ಹಿಡಿದ ಪರಿಷ್ಕೃತ ವೇತನದ ಮೇಲೆಯೇ ಲೆಕ್ಕ ಹಾಕಿ ವ್ಯತ್ಯಾಸ ಕೊಡುವಂತೆ ತಿದ್ದುಪಡಿ ಆದೇಶ ಹೊರಡಿಸಬೇಕು. ಅದೇ ಅವಧಿಯಲ್ಲಿ ಸೇವೆಯಲ್ಲಿದ್ದಾಗಲೇ ತೀರಿಕೊಂಡವರ ಕುಟುಂಬಗಳನ್ನೂ, ಹೊಸ ಪಿಂಚಣಿ ಯೋಜನೆಯವರನ್ನೂ ಅದರಲ್ಲಿ ಹೆಸರಿಟ್ಟು ಸೇರಿಸಬೇಕು. ಇಲ್ಲದಿದ್ದರೆ ಸ್ಪಷ್ಟೀಕರಣ ಕೇಳಿ ಇನ್ನೊಂದು ಸುತ್ತು ಪತ್ರ ವ್ಯವಹಾರ ಶುರುವಾಗುತ್ತದೆ. ಕಮ್ಯುಟೇಷನ್ ಅನ್ನು ಆಯ್ಕೆಗೆ ಬಿಡಿ.

ಒಂದೇ ವರ್ಷದ ಬಜೆಟ್ಟಿನಲ್ಲಿ ಆಗದಿದ್ದರೆ ಎರಡು ಆರ್ಥಿಕ ವರ್ಷಗಳಲ್ಲಿ ಕಂತಾಗಿ ಕೊಡಿ. ನಾವು ಒಪ್ಪುತ್ತೇವೆ. ಬಡ್ಡಿಯನ್ನೂ ಕೇಳುವುದಿಲ್ಲ. ಆದರೆ ಕಂತಿನ ತಾರೀಖು ಆದೇಶದಲ್ಲೇ ಇರಲಿ. ಮೊದಲ ಕಂತನ್ನು ನಿವೃತ್ತಿಯ ನಂತರ ತೀರಿಕೊಂಡವರ ನಾಮನಿರ್ದೇಶಿತರಿಗೆ ಮತ್ತು ಹೊಸ ಪಿಂಚಣಿ ಯೋಜನೆಯವರಿಗೆ ಕೊಡಿ. ನಮ್ಮ ಸಂಘದ ಹಾಜರಿ ಪುಸ್ತಕದಲ್ಲಿ ಪ್ರತಿ ವರ್ಷ ಕೆಲವು ಹೆಸರುಗಳ ಮುಂದೆ ಗೆರೆ ಬೀಳುತ್ತಿದೆ. ತೀರಿಕೊಂಡವರು ಕಮ್ಯುಟೇಷನ್ ಕೇಳಲಾರರು, ಆ ಹಣ ಅವರ ಜೊತೆಗೇ ಹೋಯಿತು. ಉಪದಾನ ಮತ್ತು ರಜೆ ಹಣವಾದರೂ ಅವರ ಹೆಂಡತಿ ಮಕ್ಕಳಿಗೆ ಸೇರಲಿ.

ರಜೆ ಹಣದ ಬಗ್ಗೆ ಒಂದು ಸಲಹೆ ಇದೆ. ಇದಕ್ಕೆ ಮಹಾಲೇಖಪಾಲರ ಕಚೇರಿಯ ಆದೇಶ ಬೇಕಿಲ್ಲ. ಕಚೇರಿಯ ವೇತನ ಬಟವಾಡೆ ಅಧಿಕಾರಿಯೇ ಬಿಲ್ಲು ಮಾಡಿ ಖಜಾನೆಗೆ ಕಳಿಸಬಹುದು. ಆದ್ದರಿಂದ ಉಪದಾನದ ಲೆಕ್ಕ ಮುಗಿಯುವವರೆಗೆ ಇದನ್ನು ಕಾಯಿಸುವ ಅಗತ್ಯವಿಲ್ಲ. ಇದನ್ನು ಮೊದಲು ಕೊಟ್ಟುಬಿಡಬಹುದು.

ಇನ್ನು ಪರಿಷ್ಕೃತ ಪಿಂಚಣಿ ಕಡತಗಳು ಕಚೇರಿಗಳಲ್ಲೇ ಉಳಿದಿರುವುದಕ್ಕೆ ಒಂದು ಸುತ್ತೋಲೆ ಸಾಕು. ಇಂತಿಷ್ಟು ದಿನದೊಳಗೆ ಎಲ್ಲ ವೇತನ ನಿಗದಿ ತಃಖ್ತೆಗಳು ಹೋಗಿರಬೇಕು, ಹೋಗದಿದ್ದರೆ ಕಾರಣವನ್ನು ಜಿಲ್ಲಾ ಖಜಾನೆಗೆ ಲಿಖಿತವಾಗಿ ತಿಳಿಸಬೇಕು ಎಂದು ಬರೆಯಿರಿ. ಸೇವಾ ಪುಸ್ತಕದಲ್ಲಿ ಹಳೆಯ ಸಹಿ ಇಲ್ಲದ ಕಡೆ ಸಂಬಳದ ಬಿಲ್ಲಿನ ಆಧಾರದ ಮೇಲೆ ಈಗಿನ ಅಧಿಕಾರಿ ದೃಢೀಕರಿಸಬಹುದು ಎಂದೂ ಅದರಲ್ಲಿ ಸೇರಿಸಿ. ಎಷ್ಟೋ ಅಧಿಕಾರಿಗಳು ಮಾಡುವ ಮನಸ್ಸಿದ್ದರೂ ಹೆದರಿ ಕೈಬಿಡುತ್ತಾರೆ. ಅವರಿಗೊಂದು ಲಿಖಿತ ಆಧಾರ ಬೇಕು ಅಷ್ಟೇ.

ಆಗುವುದೇ ಇಲ್ಲ ಎಂದು ಇಲಾಖೆ ತೀರ್ಮಾನಿಸಿದ್ದರೆ ಅದನ್ನಾದರೂ ಕಾರಣ ಸಮೇತ ಬರೆದು ತಿಳಿಸಿ. ಒಂದೇ ದಿನಕ್ಕೆ ಎರಡು ಕೊನೆಯ ವೇತನ ಹೇಗೆ ಸಾಧ್ಯ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಇರಲಿ. ಮಾತುಕತೆಗೆ ಕರೆದರೆ ನಮ್ಮ ಪ್ರತಿನಿಧಿಗಳು ಲೆಕ್ಕದ ಹಾಳೆಗಳೊಂದಿಗೆ ಬರಲು ಸಿದ್ಧರಿದ್ದಾರೆ. ನಮ್ಮ ಸದಸ್ಯರ ನಿವೃತ್ತಿ ದಿನಾಂಕ, ಹಳೆಯ ಮತ್ತು ಪರಿಷ್ಕೃತ ವೇತನ, ಬರಬೇಕಾದ ವ್ಯತ್ಯಾಸದ ಪಟ್ಟಿಯನ್ನು ಈ ಪತ್ರದ ಪ್ರತಿಯೊಂದಿಗೆ ತಮ್ಮ ಕಚೇರಿಗೆ ಕಳಿಸಿದ್ದೇವೆ. ಮುಂದಿನ ಬಜೆಟ್ ತಯಾರಿ ಶುರುವಾಗುವ ಮುನ್ನ ಉತ್ತರ ಕೊಡಬೇಕೆಂದು ಕೋರುತ್ತೇವೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಕಾರ್ಯದರ್ಶಿ,
ತಾಲ್ಲೂಕು ನಿವೃತ್ತ ಸರ್ಕಾರಿ ನೌಕರರ ಸಂಘದ ಎಲ್ಲ ಸದಸ್ಯರ ಪರವಾಗಿ

ಪ್ರತಿ: ಮಾನ್ಯ ಮುಖ್ಯಮಂತ್ರಿಯವರ ಕಚೇರಿಗೆ, ಮಾಹಿತಿಗಾಗಿ.